ಚಾರ್ಜ್ ತಗೊಳ್ಳುವ ಮುಂಚೆ ಅಕ್ಕಿ ತೂಗು

ದೋಸ್ತ,

ಇಂಡಿ ತಾಲ್ಲೂಕಿನ ಶಾಲೆಗೆ ಹೆಡ್ ಮಾಸ್ತರಾಗಿ ಹೊರಟೆ ಅಂತ ನಿನ್ನ ಫೋನು ಬಂದಾಗ ನಾನು ಬಸ್‌ನಲ್ಲಿದ್ದೆ. ಸರಿಯಾಗಿ ಮಾತಾಡೋಕೆ ಆಗಲಿಲ್ಲ. ನೀನು ಹೇಳಿದ್ದರಲ್ಲಿ ಒಂದು ಮಾತು ತಲೆಯಲ್ಲಿ ಉಳೀತು: "ಹಳೇ ಹೆಡ್ ಮಾಸ್ತರು ಅವಸರದಾಗ ಅದಾರ, ಸೋಮವಾರ ಸಹಿ ಮಾಡಿ ಮುಗಿಸಿಬಿಡೂಣು ಅಂತಾರ." ಅದಕ್ಕೇ ಈ ಪತ್ರ. ಹಾಗೆ ಮುಗಿಸಬೇಡ.

ನಾನು ಮೊದಲ ಸಲ ಹೆಡ್ ಮಾಸ್ತರಾದಾಗ ಹಾಗೇ ಮುಗಿಸಿದ್ದೆ. ಹಿಂದಿನವರು ವಯಸ್ಸಿನಲ್ಲಿ ಹಿರಿಯರು. ಅವರ ಮುಂದೆ ಕಾಟಾ ತರಿಸಿ ಅಕ್ಕಿ ತೂಗೋದು ಅಂದರೆ ಅವಮಾನ ಮಾಡಿದ ಹಾಗೆ ಅನ್ನಿಸಿತು. ಚೀಲ ಎಣಿಸಿ ಸಹಿ ಹಾಕಿದೆ. ಮುಂದೆ ಆಡಿಟ್ ಬಂದಾಗ ದಾಸ್ತಾನು ವಹಿಗೂ ಕೋಣೆಗೂ ತಾಳೆ ಆಗಲಿಲ್ಲ. ಸಹಿ ಯಾರದು? ನಂದು. ಕೈಯಿಂದ ದುಡ್ಡು ಕಟ್ಟಿದೆ. ಹಿರಿಯರಿಗೆ ಫೋನು ಮಾಡಿದರೆ, "ನೀನ ನೋಡಿ ತಗೊಂಡೀಯಲ್ಲಪ್ಪಾ" ಅಂದರು. ಅವರು ಹೇಳಿದ್ದೂ ತಪ್ಪಲ್ಲ.

ಹಾಗಾಗಿ ಎರಡನೇ ಶಾಲೆಯಲ್ಲಿ, ಮುಧೋಳದ ಕಡೆ, ಏನು ಮಾಡಿದೆ ಅಂತ ಬಿಡಿಸಿ ಹೇಳ್ತೀನಿ. ಅಲ್ಲಿ ಅಕ್ಷರ ದಾಸೋಹದ ವಹಿಯಲ್ಲಿ ಉಳಿಕೆ ಅಕ್ಕಿ 412 ಕಿಲೋ ಅಂತಿತ್ತು. ಕೋಣೆಯಲ್ಲಿ ಬಾಯಿ ಹೊಲಿದ ಆರು ಚೀಲ, ಬಿಚ್ಚಿದ್ದು ಒಂದು. ಕಿರಾಣಿ ಅಂಗಡಿಯಿಂದ ಕಾಟಾ ತರಿಸಿದೆ. ಮೊದಲು ಒಂದು ಖಾಲಿ ಚೀಲ ತೂಗಿ ಅಷ್ಟನ್ನು ಪ್ರತಿ ಚೀಲದಲ್ಲೂ ಕಳೆದೆ. ಆರು ಚೀಲದಲ್ಲಿ 300 ಕಿಲೋ ಇರಬೇಕಾದ ಕಡೆ 291 ಇತ್ತು. ಬಿಚ್ಚಿದ ಚೀಲದಲ್ಲಿ 27. ಒಟ್ಟು 318. ಅಂದರೆ 94 ಕಿಲೋ ಕಡಿಮೆ.

ಈ ಹೊತ್ತಿಗೆ ಎಲ್ಲರ ಮುಖ ಬಿಗಿಯುತ್ತೆ. ಯಾರೂ ಬಾಯಿ ಬಿಡೋದಿಲ್ಲ. ಕಳ್ಳತನ ಅನ್ನೋ ಮಾತು ನಿನ್ನ ಬಾಯಿಂದ ಬರಲೇಬಾರದು. ನಾನು ಕೇಳಿದ್ದು ಒಂದೇ: ದಿನಕ್ಕೆ ಎಷ್ಟು ಅಕ್ಕಿ ಹೋಗುತ್ತೆ? ಒಂದರಿಂದ ಐದರವರೆಗೆ ಮಗುವಿಗೆ 100 ಗ್ರಾಂ, ಆರರಿಂದ ಮೇಲೆ 150 ಗ್ರಾಂ, ಅದು ನಿನಗೂ ಗೊತ್ತು. ಅಲ್ಲಿ ಸಣ್ಣ ಮಕ್ಕಳು ಸುಮಾರು 80, ದೊಡ್ಡವರು 40. ಎಂಟು ಕಿಲೋ ಮತ್ತು ಆರು ಕಿಲೋ, ದಿನಕ್ಕೆ 14. ಹಾಗಾದರೆ 94 ಕಿಲೋ ಅಂದರೆ ಆರೇಳು ದಿನದ ಅನ್ನ. ಆರೇಳು ದಿನ ಎಲ್ಲಿ ಹೋದವು ಅಂತ ಹುಡುಕೋದು ಸುಲಭ, ಅಲ್ವಾ?

ತರಗತಿಯ ಹಾಜರಿ ಪುಸ್ತಕ ಒಂದು ಕಡೆ, ಬಿಸಿಯೂಟದ ವಹಿ ಇನ್ನೊಂದು ಕಡೆ ಇಟ್ಟುಕೊಂಡು ದಿನಾಂಕದ ಮೇಲೆ ಬೆರಳಿಟ್ಟು ಬಂದೆ. ಹಾಜರಿಯಲ್ಲಿ ಮಕ್ಕಳು ಬಂದಿದ್ದಾರೆ, ಊಟದ ವಹಿಯಲ್ಲಿ ಕೊನೆಯ ಐದು ದಿನ ಖಾಲಿ. ಆಗ ಅಡುಗೆಯ ಅಕ್ಕ ಬಾಗಿಲ ಹತ್ತಿರ ನಿಂತು, "ಸರ, ಹೋದ ವಾರ ಬರಿಯೂದು ಉಳದೈತ್ರಿ. ಸಾಹೇಬ್ರು ವರ್ಗದ ಓಡಾಟದಾಗ ಇದ್ರು, ನಾವು ಅನ್ನ ಮಾಡಿ ನೀಡೀವ್ರಿ" ಅಂದಳು. 70 ಕಿಲೋ ಅಲ್ಲೇ ಸಿಕ್ಕಿತು. ಚೀಲಗಳಲ್ಲೇ ಕಡಿಮೆ ಇದ್ದದ್ದು ಒಂಬತ್ತು ಕಿಲೋ. ಲಾರಿಯಿಂದ ಇಳಿಸುವಾಗ ಯಾರೂ ತೂಗಿರಲಿಲ್ಲ, ಚೀಲಕ್ಕೆ 50 ಅಂತ ಬರೆದುಕೊಂಡಿದ್ದರು. ಉಳಿದ 15 ಕಿಲೋಗೆ ಲೆಕ್ಕ ಸಿಗಲಿಲ್ಲ.

ಐದು ದಿನದ್ದನ್ನು ಹಿಂದಿನ ಹೆಡ್ ಮಾಸ್ತರೇ ಕೂತು, ಹಾಜರಿ ನೋಡಿ, ತಮ್ಮ ಸಹಿಯಲ್ಲಿ ಬರೆದರು. ನಾನು ಒಂದಕ್ಷರ ಬರೆಯಲಿಲ್ಲ. ನೀನೂ ಬರೆಯಬೇಡ, "ನೀವ ತುಂಬಿಕೊಳ್ರಿ" ಅಂತಾರೆ, ಅದಕ್ಕೆ ಬಗ್ಗಬೇಡ. ಆಮೇಲೆ ಚಾರ್ಜ್ ಹಸ್ತಾಂತರದ ಪತ್ರ, ಅಂದರೆ ಸಿಟಿಸಿಯಲ್ಲಿ ವಹಿ ಪ್ರಕಾರ ಎಷ್ಟು, ತೂಗಿದಾಗ ಎಷ್ಟು, ಕಡಿಮೆ ಎಷ್ಟು ಅಂತ ಮೂರನ್ನೂ ಬರೆಸಿದೆ. ಚೀಲದ ಒಂಬತ್ತು, ಲೆಕ್ಕ ಸಿಗದ ಹದಿನೈದು ಬೇರೆ ಬೇರೆ ಸಾಲಿನಲ್ಲಿ. ಇಬ್ಬರೂ ಸಹಿ ಹಾಕಿದೆವು, ಬಿಇಒ ಕಚೇರಿಗೆ ಒಂದು ಪ್ರತಿ ಹೋಯಿತು. ಹಿಂದಿನವರು ಸಿಟ್ಟಾಗಲಿಲ್ಲ. 94 ಕಿಲೋ ಕಳ್ಳತನದ ಮಾತು ಊರಲ್ಲಿ ಹಬ್ಬೋ ಬದಲು 15 ಕಿಲೋಗೆ ನಿಂತಿತಲ್ಲ, ಅವರಿಗೂ ನಿರಾಳ.

ಸಹಿ ಹಾಕಿದ ಮೇಲೆ ಕಂಡ ಕೊರತೆ ನಿನ್ನದು, ಸಹಿಗೆ ಮುಂಚೆ ಬರೆಸಿದ್ದು ಹಿಂದಿನವರದು. ಹಾಗಂತ ಅಕ್ಕಿ ಬಿಟ್ಟು ಬೆಂಚು, ಕುರ್ಚಿ, ಪ್ರಯೋಗದ ಸಾಮಾನು ಎಲ್ಲದಕ್ಕೂ ಇಷ್ಟೇ ಹೊತ್ತು ಕಳೆಯಬೇಡ. ಅವನ್ನು ಸುಮ್ನೆ ಎಣಿಸಿದರೆ ಸಾಕು, ಮುರಿದದ್ದನ್ನು ಮುರಿದದ್ದು ಅಂತಲೇ ಬರೆಸು.

ದುಡ್ಡಿನ ಕಡೆ ಮಾತ್ರ ಕಣ್ಣು ಚುರುಕಾಗಿರಲಿ. ನಗದು ಪುಸ್ತಕದ ಉಳಿಕೆ ಮತ್ತು ಪಾಸ್‌ಬುಕ್ಕಿನ ಉಳಿಕೆ ಒಂದೇ ಇರಬೇಕು ಅಂತಿಲ್ಲ. ಕೊಟ್ಟ ಚೆಕ್ಕು ಇನ್ನೂ ಬ್ಯಾಂಕಿಗೆ ಹೋಗದಿದ್ದರೆ ವ್ಯತ್ಯಾಸ ಬರುತ್ತೆ. ಯಾವ ಚೆಕ್ಕು, ಯಾರಿಗೆ ಅಂತ ನಂಬರ್ ಸಮೇತ ಬರೆಸು. ಬಳಸದ ಚೆಕ್ಕಿನ ಹಾಳೆ ಎಣಿಸು. ಮತ್ತೊಂದು ಸಂಗತಿ: ಕೆಲವರು ಉಪಕಾರ ಮಾಡ್ತೀವಿ ಅಂತ ಎರಡು ಮೂರು ಖಾಲಿ ಚೆಕ್ಕಿಗೆ ಸಹಿ ಮಾಡಿ ಕೊಟ್ಟು ಹೋಗ್ತಾರೆ, ಖಾತೆಯಲ್ಲಿ ಸಹಿ ಬದಲಾಗುವವರೆಗೆ ಗ್ಯಾಸಿಗೆ, ತರಕಾರಿಗೆ ಆಗಲಿ ಅಂತ. ತಗೋಬೇಡ. ಅವರ ಕಣ್ಣೆದುರೇ ರದ್ದು ಅಂತ ಬರೆಸು. ಮೊದಲ ವಾರದಲ್ಲೇ ಎಸ್‌ಡಿಎಂಸಿ ಸಭೆ ಕರೆದು ಸಹಿ ಬದಲಾವಣೆಯ ಠರಾವು ಮಾಡಿಸಿ ಬ್ಯಾಂಕಿಗೆ ಕೊಡು. ಅಲ್ಲಿಯವರೆಗೆ ತರಕಾರಿಯವನ ಹತ್ತಿರ ಉದ್ರಿ ಕೇಳಿಕೋ. ಚೀಟಿ ಮಾತ್ರ ಜೋಪಾನ.

ನೀನು ಬಂದ ಸುದ್ದಿ ಸಿಕ್ಕ ತಕ್ಷಣ ಊರಿನವರು ಬರ್ತಾರೆ. ಅರ್ಧ ಜನ ಟಿಸಿಗೆ, ಇನ್ನರ್ಧ ಜನ ಜನ್ಮ ದಿನಾಂಕ ತಿದ್ದಿಸೋಕೆ. "ಹಿಂದಿನ ಸಾಹೇಬ್ರು ಮಾಡಿ ಕೊಡ್ತೀನಿ ಅಂದಿದ್ರು" ಅಂತಾರೆ. ನಿಜವೂ ಇರಬಹುದು. ಟಿಸಿ ಬಾಕಿ ಇದ್ದರೆ ಬೇಗ ಮುಗಿಸು, ಅದು ಮಕ್ಕಳ ಪ್ರಶ್ನೆ. ದಾಖಲಾತಿ ವಹಿಯಲ್ಲಿ ದಿನಾಂಕ ತಿದ್ದೋದು ನಿನ್ನ ಕೈಯಲ್ಲಿರೋದಲ್ಲ. ಅರ್ಜಿ ತಗೊಂಡು ಮೇಲೆ ಕಳಿಸು. ಆ ವಹಿಯ ಪುಟ ತಿರುವುವಾಗ ವೈಟ್ನರ್ ಬಳಿದ ಜಾಗ ಕಂಡರೆ ಪುಟದ ಸಂಖ್ಯೆ ಗುರುತು ಮಾಡಿಟ್ಟುಕೋ. ಅದೂ ಸಿಟಿಸಿಗೆ ಸೇರಬೇಕು.

ಇನ್ನು ಆ ಪ್ರಭಾರಿ ಮಾಸ್ತರ ವಿಷಯ. ಹಿಂದಿನವರು ರಜೆ ಹಾಕಿದಾಗೆಲ್ಲ ಅವರೇ ಶಾಲೆ ನಡೆಸಿದ್ದಾರೆ ಅಂದೆಯಲ್ಲ. ಕುರ್ಚಿ ತನಗೆ ಬರುತ್ತೆ ಅಂದುಕೊಂಡಿರಬಹುದು. ಅವರನ್ನು ಬದಿಗಿಟ್ಟರೆ ಯಾವ ಬೀಗದ ಕೀಲಿ ಎಲ್ಲಿದೆ, ಯಾವ ಮನೆಯವರು ಕಬ್ಬು ಕಡಿಯೋಕೆ ಹೋದಾಗ ಮಗುವನ್ನೂ ಕರಕೊಂಡು ಹೋಗ್ತಾರೆ ಅಂತ ನಿನಗೆ ಹೇಳೋರು ಯಾರು? ಅಕ್ಕಿ ತೂಗುವಾಗ ಅವರ ಕೈಗೇ ಪೆನ್ನು ಕೊಡು. ಕಾಟಾದ ಅಂಕಿ ಅವರೇ ಬರೆಯಲಿ.

ಸೋಮವಾರ ಆಗೋದಿಲ್ಲ, ಎರಡು ದಿನ ಬೇಕು ಅಂತ ಇವತ್ತೇ ಫೋನು ಮಾಡಿ ಹೇಳಿಬಿಡು. ತಿಂಗಳ ಕೊನೆಗೆ ನಾನು ಆ ಕಡೆ ಬರ್ತೀನಿ. ಸಿಟಿಸಿಯ ನಿನ್ನ ಪ್ರತಿ ತೆಗೆದಿಟ್ಟಿರು, ಒಂದು ಸಲ ನೋಡ್ತೀನಿ. ಜೊತೆಗೆ ಇಂಡಿ ಲಿಂಬೆಹಣ್ಣು ಒಂದು ಚೀಲ. ಅದನ್ನ ತೂಗಬೇಡ.

ನಿನ್ನ ದೋಸ್ತ