ಒಂದು ವರ್ಷ ಆಗಿದೆ ಎಂದು ಹೇಳಿ 1,180 ರೂಪಾಯಿ ಕಡಿದದ್ದರ ಬಗ್ಗೆ ದೂರು

ಹೂಡಿಕೆದಾರರ ದೂರು ವಿಭಾಗದ ಅಧಿಕಾರಿಗಳಿಗೆ,

ನಾಲ್ಕು ಸಲ ಫೋನ್ ಮಾಡಿದೆ, ಎರಡು ಸಲ ಶಾಖೆಗೆ ಬಂದೆ. ಇನ್ನು ಬರವಣಿಗೆಯಲ್ಲೇ ಮಾತಾಡೋಣ.

2024ರ ಜನವರಿಯಿಂದ ಪ್ರತಿ ತಿಂಗಳು 5ಕ್ಕೆ ನಿಮ್ಮ ಈಕ್ವಿಟಿ ಫಂಡಿಗೆ 10,000 ರೂಪಾಯಿ ಎಸ್‌ಐಪಿ ಕಟ್ಟಿದ್ದೇನೆ. 2025ರ ಫೆಬ್ರವರಿ 20ಕ್ಕೆ 14 ಕಂತು ಆಗಿದ್ದವು. ಅಮ್ಮನ ಕಣ್ಣಿನ ಆಪರೇಷನ್‌ಗೆ ನನಗೆ ಬೇಕಿದ್ದದ್ದು 20,000 ಮಾತ್ರ. ನಿಮ್ಮ ಶಾಖೆಯವರು ಎಲ್ಲ ತೆಗೆದು, ಉಳಿದದ್ದನ್ನು ಬೇರೆ ಫಂಡಿಗೆ ಹಾಕಿ ಎಂದರು. "ಎಕ್ಸಿಟ್ ಲೋಡ್ ಬೀಳುತ್ತಾ?" ಎಂದು ಕೇಳಿದೆ. "ವರ್ಷ ಆಗಿದೆಯಲ್ಲ ಮೇಡಂ, ಏನೂ ಕಟ್ ಆಗಲ್ಲ" ಎಂದರು. ನಂಬಿ ಎಲ್ಲ ತೆಗೆದೆ.

ವರ್ಷದೊಳಗೆ ತೆಗೆದರೆ ಕಡಿಯುವ 1% ಶುಲ್ಕವೇ ಈ ಎಕ್ಸಿಟ್ ಲೋಡ್. ಆದರೆ ಆ ವರ್ಷದ ಲೆಕ್ಕ ಒಂದೊಂದು ಕಂತಿಗೂ ಬೇರೆ. ಮೊದಲು ಹಾಕಿದ್ದು ಮೊದಲು ಹೊರಬರುತ್ತದೆ. ಹಾಗಾಗಿ ವರ್ಷ ದಾಟಿದ್ದು ಮೊದಲ ಎರಡು ಕಂತು ಮಾತ್ರ. ಅವುಗಳ ಬೆಲೆ ಆ ದಿನ 20,400 ಇತ್ತು. ಅಷ್ಟನ್ನೇ ತೆಗೆದಿದ್ದರೆ ನನಗೆ ಲೋಡ್ ಸೊನ್ನೆ! ಉಳಿದ 12 ಕಂತಿನ ಬೆಲೆ 1,18,000. ಅದರ ಮೇಲೆ 1% ಎಂದರೆ 1,180 ಕಡಿದಿರಿ.

ಮರುದಿನ ಕೇಳಲು ಹೋದಾಗ ಶಾಖೆಯ ಅದೇ ಮೇಜಿನ ಮುಂದೆ ಅರ್ಧ ಗಂಟೆ ನಿಲ್ಲಿಸಿದರು. ಕುರ್ಚಿ ಖಾಲಿಯಿತ್ತು, ಕೂರಿ ಎನ್ನಲಿಲ್ಲ. ಸ್ಟೇಟ್‌ಮೆಂಟ್ ಚಾಚಿದೆ. ನೋಡದೆ, "ಸಾವಿರ ರೂಪಾಯಿಗೆ ಇಷ್ಟು ದೂರ ಬಂದಿರಾ? ಡಾಕ್ಯುಮೆಂಟ್ ಓದಬೇಕಿತ್ತು" ಎಂದರು. ಹಿಂದೆ ನಿಂತಿದ್ದವರು ನಕ್ಕರು. ನಾನು ಓದದಿದ್ದರೆ ತಪ್ಪು ಎನ್ನುತ್ತೀರಿ. ದಿನವೂ ಅದನ್ನೇ ಮಾರುವವರು ಓದಬೇಡವೇ?

ಮನೆಗೆ ಬಂದು ನಿಜವಾಗಿಯೂ ಓದಿದೆ. ನನ್ನದು ಮಾರುವವರ ಕಮಿಷನ್ ಸೇರಿದ ರೆಗ್ಯುಲರ್ ಪ್ಲಾನ್, ವರ್ಷಕ್ಕೆ ಖರ್ಚಿನ ಅನುಪಾತ 1.9%. ಅದೇ ಫಂಡಿನ, ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನಿಗೆ 0.8%. ಈ ಖರ್ಚನ್ನು ದಿನವೂ ಯೂನಿಟ್ಟಿನ ಬೆಲೆಯಾದ ಎನ್‌ಎವಿಯಿಂದಲೇ ತೆಗೆಯುತ್ತೀರಿ. ಅದಕ್ಕೇ ಪಾಸ್‌ಬುಕ್ಕಿನ ಸಾಲಿನಂತೆ ಅದು ಎಲ್ಲೂ ಕಾಣಿಸುವುದಿಲ್ಲ. ಕಂತು ಕಂತಿನ ಲೆಕ್ಕ ಹಾಕಿದರೆ ಈ ಅವಧಿಗೆ ನಾನು ಕೊಟ್ಟದ್ದು ಸುಮಾರು 1,550. ಡೈರೆಕ್ಟ್ ಆಗಿದ್ದರೆ 650. ನಡುವಿನ 900 ಸಲಹೆಯ ಬೆಲೆ ಅಲ್ವಾ? ಆ ಸಲಹೆಯೇ ನನಗೆ 1,180 ನಷ್ಟ ಮಾಡಿತು.

ಎಕ್ಸಿಟ್ ಲೋಡ್ ನಿಮ್ಮ ಜೇಬಿಗೆ ಹೋಗದೆ ಸ್ಕೀಮಿಗೇ ಸೇರುತ್ತದೆ ಎಂದು ಗೊತ್ತು. ಅದು ಉಳಿದ ಹೂಡಿಕೆದಾರರ ಹಣ, ಅದನ್ನು ಮುಟ್ಟಬೇಡಿ. ನಿಮ್ಮ ಸಿಬ್ಬಂದಿಯ ತಪ್ಪು ಮಾತಿಗೆ 1,180 ರೂಪಾಯಿಯನ್ನು ನಿಮ್ಮ ಕಂಪನಿಯೇ ಕೊಡಲಿ. ಕಂತುವಾರು ಲೆಕ್ಕ ಕಳಿಸಿ. ಅಂದು ಮೇಜಿನಲ್ಲಿದ್ದವರು ಲಿಖಿತವಾಗಿ ಕ್ಷಮೆ ಕೇಳಲಿ.

ಹತ್ತು ದಿನ ಕಾಯುತ್ತೇನೆ. ಆಮೇಲೆ ಇದೇ ಪತ್ರ ಸೆಬಿಯ ದೂರು ಪೋರ್ಟಲ್ ಸ್ಕೋರ್ಸ್‌ನಲ್ಲಿ ದೂರಾಗಿ ಬರುತ್ತದೆ. ಅಲ್ಲಿ 21 ದಿನದೊಳಗೆ ಉತ್ತರ ಕೊಡಬೇಕಾದವರು ನೀವು. ಆಗ ಸ್ಟೇಟ್‌ಮೆಂಟ್ ನೋಡದೆ ಮಾತಾಡಲು ಆಗುವುದಿಲ್ಲ.

ಇಂತಿ,
ನಿಮ್ಮ ಹೂಡಿಕೆದಾರಳು