ರಜೆ ಅರ್ಜಿ ಬರೆಯುವವರ ಗಮನಕ್ಕೆ

ಧಾರವಾಡ ಗುಂಪಿನ ಶಿಕ್ಷಕರಿಗೆಲ್ಲ ನಮಸ್ಕಾರ್ರಿ. ಅರ್ಜಿಗಳಲ್ಲಿ ‘ದಯೆಯಿಂದ ರಜೆಯನ್ನು ದಯಪಾಲಿಸಿ’ ಅಂತ ಬರೀಬ್ಯಾಡ್ರಿ. ದಯಪಾಲಿಸೋದು ದೇವರು; ಕಚೇರಿ ಮಂಜೂರು ಮಾಡುತ್ತದೆ. ವಿನಯಕ್ಕೆ ಕೊನೆಯ ‘ಕೋರುತ್ತೇನೆ’ ಸಾಕು. ಹೀಗೆ ಬರೆಯಿರಿ:

‘ಗದಗದಲ್ಲಿ ತಂಗಿಯ ಮದುವೆ ಇರುವುದರಿಂದ ದಿನಾಂಕ 12 ಮತ್ತು 13ರಂದು ಎರಡು ದಿನ ಸಾಂದರ್ಭಿಕ ರಜೆ ಮಂಜೂರು ಮಾಡಿ, ಕೇಂದ್ರಸ್ಥಾನ ಬಿಡಲು ಅನುಮತಿ ನೀಡಬೇಕೆಂದು ಕೋರುತ್ತೇನೆ.’

‘ಅಗತ್ಯವಾದುದನ್ನು ಮಾಡಿ’ ಎಂಬುದು ಇನ್ನೂ ತೊಡಕು. ಏನು ಮಾಡಬೇಕೆಂದು ಓದಿದವರಿಗೆ ತಿಳಿಯುವುದಿಲ್ಲ, ಅರ್ಜಿ ಮೇಜಿನ ಮೇಲೇ ಉಳಿಯುತ್ತದೆ. ಬೇಕಾದ ಕೆಲಸವನ್ನೇ ಹೆಸರಿಸಿ: ‘ಆ ಎರಡು ದಿನ ನನ್ನ 8ನೇ ತರಗತಿಯ ಗಣಿತ ಅವಧಿಗಳನ್ನು ಬೇರೆ ಶಿಕ್ಷಕರಿಗೆ ವಹಿಸಬೇಕಾಗಿ ವಿನಂತಿ.’ ಅರ್ಜಿ ಮೇಲಿನ ಕಚೇರಿಗೆ ಹೋಗುವುದಿದ್ದರೆ ಮಾತ್ರ ‘ಮುಂದಿನ ಕ್ರಮಕ್ಕಾಗಿ ಸಲ್ಲಿಸಿದೆ’ ಒಪ್ಪುತ್ತದೆ.