ಹೋಟೆಲ್ ಯೋಜನೆ: ಅಪಾಯಗಳ ಭಾಗ ಶನಿವಾರದೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ನಮ್ಮ ಹೋಟೆಲ್ ಯೋಜನಾ ವರದಿಯಲ್ಲಿ ಅಪಾಯಗಳ ಭಾಗವೊಂದು ಬಾಕಿ ಇದೆ. ಸೋಮವಾರ ಬ್ಯಾಂಕಿಗೆ ಕೊಡಬೇಕು. ಅಡುಗೆಮನೆ, ಲೆಕ್ಕಪತ್ರ, ಕೆಲಸಗಾರರ ಹೊಣೆ ಹೊತ್ತವರು ಶನಿವಾರ ರಾತ್ರಿಯೊಳಗೆ ನಿಮ್ಮ ಪಾಲಿನದನ್ನು ಇಲ್ಲಿ ಹಾಕಿ.

ಪ್ರತಿ ಅಪಾಯಕ್ಕೂ ಸಂಭವ ಎಷ್ಟು, ಪರಿಣಾಮ ಎಷ್ಟು ಎಂದು 1ರಿಂದ 5ರವರೆಗೆ ಅಂಕ ಕೊಟ್ಟು ಗುಣಿಸಿ. ನನಗೆ ಹೆಚ್ಚು ಆತಂಕ ಇರುವುದನ್ನೇ ಮಾದರಿಯಾಗಿ ಬರೆದಿದ್ದೇನೆ: ಪರವಾನಗಿ ತಡವಾಗಿ ಉದ್ಘಾಟನೆ ಮುಂದೆ ಹೋಗುವುದು. ತಪಾಸಣೆಗೆ ಬಂದವರು ಹೊಗೆ ಕೊಳವೆ, ಗ್ಯಾಸ್ ಪೈಪು, ಕೈ ತೊಳೆಯುವ ಸಿಂಕು ಇವುಗಳಲ್ಲಿ ಒಂದನ್ನು ಒಪ್ಪದಿದ್ದರೂ ಮತ್ತೆ ಕೆಲಸ ಮಾಡಿಸಿ ಇನ್ನೊಮ್ಮೆ ಕರೆಸಬೇಕು. ಹಾಗಾಗಿ ಸಂಭವ 4. ಅಷ್ಟೂ ದಿನ ಬಾಡಿಗೆ, ಸಾಲದ ಕಂತು, ಸಂಬಳ ನಿಲ್ಲುವುದಿಲ್ಲ, ಗಲ್ಲಾಕ್ಕೆ ಮಾತ್ರ ಏನೂ ಬರುವುದಿಲ್ಲ. ಪರಿಣಾಮವೂ 4, ಒಟ್ಟು 16.

ಗೋಡೆ ಒಡೆಯುವ ಮೊದಲೇ ಅಡುಗೆಮನೆಯ ನಕ್ಷೆಯನ್ನು ಅಧಿಕಾರಿಗಳಿಗೆ ತೋರಿಸಿದರೆ ಸಂಭವ 2ಕ್ಕೆ ಇಳಿದೀತು. ಆದರೆ ಪರಿಣಾಮ ಅದರಿಂದ ಕಡಿಮೆಯಾಗದು. ಅದಕ್ಕೆ ಮೂರು ತಿಂಗಳ ಖರ್ಚನ್ನು ಬೇರೆ ಖಾತೆಯಲ್ಲಿ ಇಡೋಣ, ಪರವಾನಗಿ ಕೈಗೆ ಬರುವವರೆಗೆ ಮುಖ್ಯ ಅಡುಗೆಯವರನ್ನು ಬಿಟ್ಟು ಬೇರೆ ನೇಮಕ ಬೇಡ. ಆಗ ಪರಿಣಾಮ 3, ಉಳಿಯುವ ಅಪಾಯ 6. ಉದ್ಘಾಟನೆಗೆ ಆರು ವಾರ ಉಳಿದಾಗಲೂ ತಪಾಸಣೆಯ ದಿನ ಗೊತ್ತಾಗಿರದಿದ್ದರೆ ಆಮಂತ್ರಣ ಅಚ್ಚಿಗೆ ಕೊಡುವುದು ಬೇಡ.

ದಯವಿಟ್ಟು 'ಎಚ್ಚರ ವಹಿಸುತ್ತೇವೆ' ಎಂದಷ್ಟೇ ಬರೆಯಬೇಡಿ. ಯಾರು, ಏನನ್ನು, ಯಾವ ದಿನದೊಳಗೆ ಮಾಡುತ್ತಾರೆ ಎಂದು ಇರಲಿ.

ಚಿಕ್ಕಪ್ಪ, ಬಾಡಿಗೆ ಕರಾರಿಗೆ ಇನ್ನೂ ಸಹಿ ಆಗಿಲ್ಲವಲ್ಲ. ಪರವಾನಗಿ ಬಂದ ಮೇಲೆ ಬಾಡಿಗೆ ಶುರು ಎಂಬ ಷರತ್ತು ಸೇರಿಸಲು ಮಾಲೀಕರನ್ನು ಕೇಳಿ ನಾಳೆ ಇಲ್ಲಿ ತಿಳಿಸುತ್ತೀರಾ?